ಮೊಟ್ಟೆ ತೇಲಿತು, ವಾಕ್ಯ ಮುಳುಗಬಾರದು!
ಟೂ, ಇನಫ್, ಸೋ, ಸಚ್: ಪ್ರಯೋಗವನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ

ಮಕ್ಕಳೇ, ವಿಜ್ಞಾನದ ಪ್ರಯೋಗ ಮಾಡಿದ ಮೇಲೆ ಕಂಡದ್ದನ್ನು ಬರೆದಿಡಬೇಕಲ್ಲವೆ? ಕನ್ನಡದಲ್ಲಾದರೆ ನೀವು ಸಲೀಸಾಗಿ ಬರೆಯುತ್ತೀರಿ. "ಮೊಟ್ಟೆ ತೇಲುವಷ್ಟು ಉಪ್ಪು ಬೇಕು", "ಹಾಲು ಕುಡಿಯಲಾಗದಷ್ಟು ಬಿಸಿ ಇದೆ", "ನೀರು ಎಷ್ಟು ಉಪ್ಪಾಗಿದೆ ಎಂದರೆ ಮೊಟ್ಟೆ ತೇಲುತ್ತಿದೆ". ಈ ಮೂರು ವಾಕ್ಯಗಳಲ್ಲೂ ಒಂದು ಸಾಮಾನ್ಯ ಅಂಶವಿದೆ, ಕಂಡಿರಾ? ಮೂರರಲ್ಲೂ "ಅಷ್ಟು" ಅಥವಾ "ಎಷ್ಟು" ಬಂದಿದೆ. ಅಳತೆಯನ್ನು ಹೇಳಬೇಕಾದಾಗಲೆಲ್ಲ ಕನ್ನಡಕ್ಕೆ ಈ ಒಂದು ಮಾತು ಸಾಕು.

ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಇದೇ ಕೆಲಸಕ್ಕೆ ನಾಲ್ಕು ಪದಗಳಿವೆ: ಟೂ, ಇನಫ್, ಸೋ, ಸಚ್. ಒಂದೊಂದಕ್ಕೂ ಅದರದೇ ಜಾಗ, ಅದರದೇ ಜೊತೆಗಾರ ಪದ. ಜಾಗ ತಪ್ಪಿದರೆ ವಾಕ್ಯ ಕೆಡುತ್ತದೆ. ಕೆಲವು ಸಲ ಅರ್ಥವೇ ತಿರುಗಿಬಿಡುತ್ತದೆ. ನಿಮ್ಮ ಪ್ರಯೋಗ ಸರಿಯಾಗಿದ್ದರೂ ಬರೆದದ್ದನ್ನು ಓದಿದವರಿಗೆ ತಪ್ಪು ಫಲಿತಾಂಶ ಸಿಗುತ್ತದೆ. ಬನ್ನಿ, ಒಂದು ಪ್ರಯೋಗ ಮಾಡುತ್ತಲೇ ಈ ನಾಲ್ಕನ್ನೂ ಕಲಿಯೋಣ.

ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರಗಳಲ್ಲೇ ಕೊಟ್ಟಿದೆ. ಮೊದಲು ಗಟ್ಟಿಯಾಗಿ ಓದಿ. ಆಮೇಲೆ ನಿಮ್ಮ ನೋಟ್ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ. ಬರೆಯುವಾಗ ಒಂದು ಎಚ್ಚರ: ಟೂ ಎಂಬ ಪದದಲ್ಲಿ 'ಓ' ಅಕ್ಷರ ಎರಡು ಸಲ ಬರುತ್ತದೆ. ಟು ಎಂಬ ಪದದಲ್ಲಿ ಒಂದೇ ಸಲ. ಇನಫ್ ಪದವನ್ನು ಇ, ಎನ್, ಓ, ಯು, ಜಿ, ಎಚ್ ಎಂದು ಬರೆಯಬೇಕು. ಕೊನೆಯ ಜಿ, ಎಚ್ ಎರಡೂ ಸೇರಿ ಇಲ್ಲಿ 'ಫ್' ಎಂಬ ಉಚ್ಚಾರ ಬರುತ್ತದೆ.

ಪ್ರಯೋಗಕ್ಕೆ ಬೇಕಾದವು

ಒಂದು ಗಾಜಿನ ಲೋಟ, 250 ಮಿಲಿಲೀಟರ್ ನೀರು, ಪುಡಿ ಉಪ್ಪು, ಒಂದು ಚಹಾ ಚಮಚ, ಒಂದು ಹೊಸ ಹಸಿ ಮೊಟ್ಟೆ. ಮೊಟ್ಟೆ ಬೇಡವೆಂದರೆ ಲೋಟದೊಳಗೆ ಹಿಡಿಯುವ ಚಿಕ್ಕ ಆಲೂಗಡ್ಡೆಯೂ ಆದೀತು. ಮೊಟ್ಟೆ ಹಳೆಯದಾದರೆ ಅದರೊಳಗಿನ ಗಾಳಿಯ ಭಾಗ ದೊಡ್ಡದಾಗಿರುತ್ತದೆ. ಆಗ ಉಪ್ಪಿಲ್ಲದ ನೀರಿನಲ್ಲೇ ಅದು ಮೇಲೇಳಬಹುದು. ಆದ್ದರಿಂದ ಹೊಸದನ್ನೇ ಬಳಸಿ. ಹಸಿ ಮೊಟ್ಟೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಲೋಟದ ನೀರನ್ನು ಕುಡಿಯಬೇಡಿ.

ಮೊದಲ ಹಂತ: ಮೊಟ್ಟೆ ಮುಳುಗಿತು

ಲೋಟದ ನೀರಿಗೆ ಮೊಟ್ಟೆಯನ್ನು ಮೆಲ್ಲಗೆ ಇಳಿಸಿ. ಅದು ತಳಕ್ಕೆ ಹೋಗಿ ಕುಳಿತುಕೊಳ್ಳುತ್ತದೆ. ಯಾಕೆ? ಮೊಟ್ಟೆಯ ಸಾಂದ್ರತೆ ನೀರಿನ ಸಾಂದ್ರತೆಗಿಂತ ಸ್ವಲ್ಪ ಹೆಚ್ಚು. ಸಾಂದ್ರವಾದ ಎಂಬುದಕ್ಕೆ ಇಂಗ್ಲಿಷಿನಲ್ಲಿ ಡೆನ್ಸ್ ಎನ್ನುತ್ತಾರೆ. ಹಾಗಾದರೆ ಹೀಗೆ ಬರೆಯೋಣ:

ದಿ ಎಗ್ ಈಸ್ ಟೂ ಡೆನ್ಸ್ ಟು ಫ್ಲೋಟ್ ಇನ್ ಪ್ಲೇನ್ ವಾಟರ್.
(ಮೊಟ್ಟೆಯು ಬರೀ ನೀರಿನಲ್ಲಿ ತೇಲಲಾಗದಷ್ಟು ಸಾಂದ್ರವಾಗಿದೆ.)

ಇದರ ಅಚ್ಚು ಹೀಗಿದೆ:

ಟೂ + ಗುಣವಾಚಕ + ಟು + ಕ್ರಿಯಾಪದ

ಕನ್ನಡದ ವಾಕ್ಯವನ್ನು ಇನ್ನೊಮ್ಮೆ ನೋಡಿ. "ತೇಲಲಾಗದಷ್ಟು" ಎಂಬಲ್ಲಿ "ಆಗದ" ಎಂಬ ನಿಷೇಧ ಎದ್ದು ಕಾಣುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ನಾಟ್ ಎಲ್ಲಿದೆ? ಹುಡುಕಿದರೂ ಸಿಗುವುದಿಲ್ಲ. ಏಕೆಂದರೆ "ಆಗದು" ಎಂಬ ಅರ್ಥ ಟೂ ಎಂಬ ಪದದೊಳಗೇ ಅಡಗಿದೆ. ಇದು ಗೊತ್ತಿಲ್ಲದವರು ಕನ್ನಡದ "ಆಗದ"ಕ್ಕೆ ಸರಿಯಾಗಿ ಒಂದು ನಾಟ್ ಅಥವಾ ಕ್ಯಾನಾಟ್ ಸೇರಿಸಿ ಬರೆಯುತ್ತಾರೆ:

ದಿ ಎಗ್ ಈಸ್ ಟೂ ಡೆನ್ಸ್ ಟು ಕ್ಯಾನಾಟ್ ಫ್ಲೋಟ್. (ತಪ್ಪು)
ದಿ ಎಗ್ ಈಸ್ ಟೂ ಡೆನ್ಸ್ ಟು ನಾಟ್ ಫ್ಲೋಟ್. (ತಪ್ಪು)

ಮೊದಲನೆಯದು ವಾಕ್ಯವೇ ಅಲ್ಲ. ಎರಡನೆಯದರಲ್ಲಿ ಅಡಗಿದ ನಿಷೇಧಕ್ಕೆ ಇನ್ನೊಂದು ನಿಷೇಧ ಸೇರಿತು. ಅರ್ಥ ತಲೆಕೆಳಗಾಗಿ "ಮೊಟ್ಟೆ ತೇಲದೆ ಇರಲು ಸಾಧ್ಯವೇ ಇಲ್ಲ" ಎಂಬಂತಾಯಿತು! ನೀವು ಕಂಡದ್ದು ಮುಳುಗಿದ ಮೊಟ್ಟೆ, ಬರೆದದ್ದು ತೇಲುವ ಮೊಟ್ಟೆ.

ಇಲ್ಲಿ ಇನ್ನೊಂದು ಮಾತು. ಡೆನ್ಸ್ ಬದಲು ಹೆವಿ, ಅಂದರೆ ಭಾರವಾದ, ಎಂದು ಬರೆಯಬಹುದೆ? "ದಿ ಎಗ್ ಈಸ್ ಟೂ ಹೆವಿ ಟು ಫ್ಲೋಟ್" ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ವಿಜ್ಞಾನ ಸರಿಯಿಲ್ಲ. ಮೊಟ್ಟೆಗಿಂತ ಸಾವಿರ ಪಾಲು ಭಾರದ ಮರದ ದಿಮ್ಮಿ ಹೊಳೆಯಲ್ಲಿ ತೇಲಿಹೋಗುವುದಿಲ್ಲವೆ? ತೇಲುವುದು ಮುಳುಗುವುದು ಬರೀ ಭಾರದಿಂದ ತೀರ್ಮಾನವಾಗುವುದಿಲ್ಲ. ಅದೇ ಗಾತ್ರದ ನೀರಿಗಿಂತ ವಸ್ತು ಭಾರವೋ ಹಗುರವೋ ಎಂಬುದು ಮುಖ್ಯ. ಟೂ ಆದ ಮೇಲೆ ಯಾವ ಗುಣವಾಚಕ ಇಡುತ್ತೀರೋ ಅದೇ ಕಾರಣ ಎಂದು ಓದುವವರು ತಿಳಿಯುತ್ತಾರೆ. ಆದ್ದರಿಂದ ನಿಜವಾದ ಕಾರಣವನ್ನೇ ಅಲ್ಲಿ ಇಡಬೇಕು.

ಟೂ ಬೇರೆ, ವೆರಿ ಬೇರೆ

ನಾವು "ತುಂಬಾ" ಎಂದು ಹೇಳುವಲ್ಲೆಲ್ಲ ಟೂ ಹಾಕುವುದು ಬಹಳ ಮಂದಿಯ ರೂಢಿ. "ಕಾಮನಬಿಲ್ಲು ತುಂಬಾ ಚೆಂದ" ಎನ್ನಲು "ದಿ ರೇನ್‌ಬೋ ಈಸ್ ಟೂ ಬ್ಯೂಟಿಫುಲ್" ಎಂದು ಬರೆಯುತ್ತಾರೆ. ಇದನ್ನು ಓದಿದವರು "ಚೆಂದ ಅತಿಯಾಯಿತು, ಅದರಿಂದೇನು ತೊಂದರೆ?" ಎಂದು ಕೇಳಬಹುದು. ಬರೀ "ತುಂಬಾ" ಎನ್ನಲು ವೆರಿ ಬಳಸಿ. "ಬೇಕಾದುದಕ್ಕಿಂತ ಹೆಚ್ಚು, ಅದರಿಂದ ಏನೋ ಆಗದು" ಎನ್ನಲು ಟೂ ಬಳಸಿ.

ದಿ ಮೂನ್ ಈಸ್ ವೆರಿ ಬ್ರೈಟ್ ಟುನೈಟ್. (ಈ ರಾತ್ರಿ ಚಂದ್ರ ತುಂಬಾ ಬೆಳಗುತ್ತಿದ್ದಾನೆ. ನೋಡಬಹುದು.)
ದಿ ಸನ್ ಈಸ್ ಟೂ ಬ್ರೈಟ್ ಟು ಲುಕ್ ಅಟ್. (ಸೂರ್ಯನು ನೋಡಲಾಗದಷ್ಟು ಪ್ರಖರ. ನೋಡಬಾರದು.)

ಎರಡನೆಯ ವಾಕ್ಯ ಅಟ್ ಎಂಬಲ್ಲಿಗೆ ನಿಂತಿತು. "ಲುಕ್ ಅಟ್ ಇಟ್" ಎಂದು ಬರೆಯಲಿಲ್ಲ. ಏಕೆ? ಯಾವುದನ್ನು ನೋಡಲಾಗದು ಎಂಬುದು, ಅಂದರೆ ದಿ ಸನ್, ವಾಕ್ಯದ ಮೊದಲಲ್ಲೇ ಬಂದಿದೆ. ಅದನ್ನೇ ಕೊನೆಯಲ್ಲಿ ಇಟ್ ಎಂದು ಮತ್ತೆ ಹೇಳುವಂತಿಲ್ಲ. ಹಾಗೆಯೇ "ದಿ ಮಿಲ್ಕ್ ಈಸ್ ಟೂ ಹಾಟ್ ಟು ಡ್ರಿಂಕ್" ಎಂದರೆ ಮುಗಿಯಿತು, "ಡ್ರಿಂಕ್ ಇಟ್" ಎನ್ನಬಾರದು. ಈ ಇಟ್ ಎಂಬ ಪುಟ್ಟ ಪದವನ್ನು ನೆನಪಿಟ್ಟುಕೊಳ್ಳಿ. ಮುಂದೆ ಸೋ ಬಂದಾಗ ಇದರ ಕಥೆ ಬೇರೆಯಾಗುತ್ತದೆ.

ಯಾರಿಗೆ ಆಗದು ಎಂದು ಹೇಳಬೇಕಾದರೆ ಟು ಬರುವ ಮೊದಲು ಫಾರ್ ಸೇರಿಸಿ:

ದಿ ಮಿಲ್ಕ್ ಈಸ್ ಟೂ ಹಾಟ್ ಫಾರ್ ದಿ ಬೇಬಿ ಟು ಡ್ರಿಂಕ್.
(ಹಾಲು ಮಗು ಕುಡಿಯಲಾಗದಷ್ಟು ಬಿಸಿಯಾಗಿದೆ. ದೊಡ್ಡವರು ಕುಡಿಯಬಹುದೇನೋ.)

ಎರಡನೆಯ ಹಂತ: ಉಪ್ಪು ಇನ್ನೂ ಸಾಲದು

ಈಗ ಮೊಟ್ಟೆಯನ್ನು ಚಮಚದಿಂದ ಮೇಲೆತ್ತಿ ತೆಗೆಯಿರಿ. ನೀರಿಗೆ ಒಂದು ಮಟ್ಟ ಚಮಚ ಉಪ್ಪು ಹಾಕಿ, ಪೂರ್ತಿ ಕರಗುವ ತನಕ ಕಲಕಿ. ಮೊಟ್ಟೆಯನ್ನು ಮತ್ತೆ ಇಳಿಸಿ. ಅದು ಈಗಲೂ ಮುಳುಗುತ್ತದೆ. ನೀರಿಗೆ ಉಪ್ಪು ಸೇರಿ ಅದರ ಸಾಂದ್ರತೆ ಹೆಚ್ಚಿದೆ, ಆದರೆ ಸಾಕಾಗುವಷ್ಟು ಹೆಚ್ಚಿಲ್ಲ. ಇದನ್ನು ಎರಡು ಬಗೆಯಲ್ಲಿ ಬರೆಯಬಹುದು:

ದಿ ವಾಟರ್ ಈಸ್ ನಾಟ್ ಸಾಲ್ಟಿ ಇನಫ್ ಟು ಫ್ಲೋಟ್ ದಿ ಎಗ್.
(ನೀರು ಮೊಟ್ಟೆಯನ್ನು ತೇಲಿಸುವಷ್ಟು ಉಪ್ಪಾಗಿಲ್ಲ.)

ದೇರ್ ಈಸ್ ನಾಟ್ ಇನಫ್ ಸಾಲ್ಟ್ ಇನ್ ದಿ ವಾಟರ್ ಟು ಫ್ಲೋಟ್ ದಿ ಎಗ್.
(ನೀರಿನಲ್ಲಿ ಮೊಟ್ಟೆಯನ್ನು ತೇಲಿಸುವಷ್ಟು ಉಪ್ಪು ಇಲ್ಲ.)

ಎರಡನ್ನೂ ಒಂದರ ಕೆಳಗೆ ಒಂದು ಬರೆದು ಇನಫ್ ಎಲ್ಲಿ ಕುಳಿತಿದೆ ನೋಡಿ. ಸಾಲ್ಟಿ, ಅಂದರೆ ಉಪ್ಪಾದ, ಎಂಬುದು ಗುಣವಾಚಕ. ಇನಫ್ ಅದರ ಹಿಂದಿನ ಸೀಟಿನಲ್ಲಿ ಕುಳಿತಿದೆ. ಸಾಲ್ಟ್, ಅಂದರೆ ಉಪ್ಪು, ಎಂಬುದು ನಾಮಪದ. ಇನಫ್ ಅದರ ಮುಂದಿನ ಸೀಟಿನಲ್ಲಿ ಕುಳಿತಿದೆ.

ಗುಣವಾಚಕ + ಇನಫ್ + ಟು + ಕ್ರಿಯಾಪದ
ಇನಫ್ + ನಾಮಪದ + ಟು + ಕ್ರಿಯಾಪದ

ಕನ್ನಡದ "ಸಾಕಷ್ಟು" ಯಾವಾಗಲೂ ಮುಂದೆಯೇ ಬರುತ್ತದೆ. "ಸಾಕಷ್ಟು ಉಪ್ಪು", "ಸಾಕಷ್ಟು ಬಿಸಿ" ಎನ್ನುತ್ತೇವೆ. ಆ ಅಭ್ಯಾಸದಿಂದಲೇ "ಇನಫ್ ಸಾಲ್ಟಿ", "ಇನಫ್ ಹಾಟ್" ಎಂದು ಬರೆದುಬಿಡುತ್ತೇವೆ. ಅದು ತಪ್ಪು. "ಸಾಲ್ಟಿ ಇನಫ್", "ಹಾಟ್ ಇನಫ್" ಎನ್ನಬೇಕು. ಅನುಮಾನ ಬಂದರೆ ಹೀಗೆ ಪರೀಕ್ಷಿಸಿ: ಆ ಪದ ಅಂಗಡಿಯಲ್ಲಿ ಕೊಳ್ಳುವಂಥ, ಅಳೆಯುವಂಥ, ಎಣಿಸುವಂಥ ವಸ್ತುವೆ? ಸಾಲ್ಟ್, ವಾಟರ್, ಚಾಕ್, ಬುಕ್ಸ್? ಹೌದಾದರೆ ಇನಫ್ ಮೊದಲು. ಅದು ಒಂದು ವಸ್ತು ಹೇಗಿದೆ ಎಂದು ಹೇಳುವ ಪದವೆ? ಹಾಟ್, ಬಿಗ್, ಸ್ಟ್ರಾಂಗ್, ಸಾಲ್ಟಿ? ಹೌದಾದರೆ ಇನಫ್ ಆಮೇಲೆ.

ಇನ್ನೂ ಒಂದು ಅಂಶ ಗಮನಿಸಿ. ಕನ್ನಡದಲ್ಲಿ "ಜಾತ್ರೆಗೆ ಸಾಕಷ್ಟು ಜನ ಬಂದಿದ್ದರು" ಎಂದರೆ ಬಹಳ ಜನ ಎಂದೇ ಅರ್ಥ. ಇನಫ್ ಎಂದರೆ ಬಹಳ ಎಂದಲ್ಲ. ಒಂದು ಕೆಲಸಕ್ಕೆ ಸಾಕಾಗುವಷ್ಟು ಎಂದು ಮಾತ್ರ. ಒಂದು ಗಿಡಕ್ಕೆ ಒಂದು ಚೊಂಬು ನೀರು ಇನಫ್ ಆಗಬಹುದು, ಒಂದು ಗದ್ದೆಗೆ ಒಂದು ಟ್ಯಾಂಕರ್ ನೀರೂ ಇನಫ್ ಆಗದಿರಬಹುದು. ಆದ್ದರಿಂದ ಇನಫ್ ಬರೆದಾಗಲೆಲ್ಲ "ಯಾವುದಕ್ಕೆ ಸಾಕು?" ಎಂದು ಕೇಳಿಕೊಳ್ಳಿ. ಟು ಆದ ಮೇಲೆ ಬರುವ ಕ್ರಿಯಾಪದವೇ ಆ ಪ್ರಶ್ನೆಗೆ ಉತ್ತರ.

ಮೂರನೆಯ ಹಂತ: ಮೊಟ್ಟೆ ಮೇಲೆದ್ದಿತು

ಹೀಗೆ ಒಂದೊಂದೇ ಚಮಚ ಉಪ್ಪು ಹಾಕಿ, ಕರಗಿಸಿ, ಪ್ರತಿ ಸಲವೂ ಮೊಟ್ಟೆಯನ್ನು ಇಳಿಸಿ ನೋಡಿ. 250 ಮಿಲಿಲೀಟರ್ ನೀರಿಗೆ ಸುಮಾರು 5 ಅಥವಾ 6 ಚಮಚ ಉಪ್ಪು ಬೀಳುವ ಹೊತ್ತಿಗೆ ಮೊಟ್ಟೆ ತಳ ಬಿಟ್ಟು ಮೇಲೇಳುತ್ತದೆ. ಚಮಚದ ಗಾತ್ರ, ಮೊಟ್ಟೆ ಎಷ್ಟು ಹೊಸದು ಎಂಬುದರ ಮೇಲೆ ಒಂದೆರಡು ಚಮಚ ಹೆಚ್ಚು ಕಡಿಮೆ ಆಗಬಹುದು. ಈಗ ಬರೆಯಿರಿ:

ನೌ ದಿ ವಾಟರ್ ಈಸ್ ಸಾಲ್ಟಿ ಇನಫ್ ಟು ಫ್ಲೋಟ್ ದಿ ಎಗ್.
(ಈಗ ನೀರು ಮೊಟ್ಟೆಯನ್ನು ತೇಲಿಸುವಷ್ಟು ಉಪ್ಪಾಗಿದೆ.)

ಇದನ್ನೇ ಇನ್ನೊಂದು ಪದದಿಂದ ಹೇಳಬಹುದು. ಅದೇ ಸೋ:

ದಿ ವಾಟರ್ ಈಸ್ ಸೋ ಸಾಲ್ಟಿ ದಟ್ ದಿ ಎಗ್ ಫ್ಲೋಟ್ಸ್.
(ನೀರು ಎಷ್ಟು ಉಪ್ಪಾಗಿದೆ ಎಂದರೆ ಮೊಟ್ಟೆ ತೇಲುತ್ತದೆ.)

ಸೋ + ಗುಣವಾಚಕ + ದಟ್ + ಪೂರ್ಣ ವಾಕ್ಯ

ಟೂ ಮತ್ತು ಇನಫ್ ಪದಗಳಿಗೆ ಜೊತೆಗಾರ ಟು. ಸೋ ಪದಕ್ಕೆ ಜೊತೆಗಾರ ದಟ್. ಟು ಆದ ಮೇಲೆ ಬರೀ ಕ್ರಿಯಾಪದ ಬಂದರೆ ಸಾಕು: ಫ್ಲೋಟ್, ಡ್ರಿಂಕ್, ಸೀ. ದಟ್ ಆದ ಮೇಲೆ ಮಾತ್ರ ಒಂದು ಪೂರ್ಣ ವಾಕ್ಯವೇ ಬೇಕು. ಅಂದರೆ ಯಾರು ಅಥವಾ ಯಾವುದು ಎಂಬ ಕರ್ತೃಪದ, ಏನು ಮಾಡಿತು ಎಂಬ ಕ್ರಿಯಾಪದ ಎರಡೂ ಇರಬೇಕು. "ಸೋ ಸಾಲ್ಟಿ ದಟ್ ಫ್ಲೋಟ್ಸ್" ಎಂದರೆ ತೇಲಿದ್ದು ಯಾವುದು ಎಂದೇ ಗೊತ್ತಾಗುವುದಿಲ್ಲ. "ದಟ್ ದಿ ಎಗ್ ಫ್ಲೋಟ್ಸ್" ಎನ್ನಬೇಕು.

ಇನಫ್ ವಾಕ್ಯಕ್ಕೂ ಸೋ ವಾಕ್ಯಕ್ಕೂ ಅರ್ಥದಲ್ಲಿ ಸೂಕ್ಷ್ಮವಾದ ವ್ಯತ್ಯಾಸವಿದೆ. "ಸಾಲ್ಟಿ ಇನಫ್ ಟು ಫ್ಲೋಟ್ ದಿ ಎಗ್" ಎಂದರೆ ಮೊಟ್ಟೆ ತೇಲಲು ಬೇಕಾದ ಮಟ್ಟವನ್ನು ನೀರು ಮುಟ್ಟಿದೆ. ಮೊಟ್ಟೆ ಇನ್ನೂ ನಿಮ್ಮ ಕೈಯಲ್ಲೇ ಇದ್ದರೂ ಹೀಗೆ ಹೇಳಬಹುದು. "ಸೋ ಸಾಲ್ಟಿ ದಟ್ ದಿ ಎಗ್ ಫ್ಲೋಟ್ಸ್" ಎಂದರೆ ಮೊಟ್ಟೆ ತೇಲುತ್ತಲೇ ಇದೆ. ಫಲಿತಾಂಶ ಕಣ್ಣ ಮುಂದಿದೆ. ವೀಕ್ಷಣೆಯನ್ನು ಬರೆಯುವಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸೋ ಕೂಡ ಇದೆ. ಅದರ ಅರ್ಥ "ಆದ್ದರಿಂದ":

ದಿ ವಾಟರ್ ಈಸ್ ವೆರಿ ಸಾಲ್ಟಿ, ಸೋ ದಿ ಎಗ್ ಫ್ಲೋಟ್ಸ್.
(ನೀರು ತುಂಬಾ ಉಪ್ಪಾಗಿದೆ, ಆದ್ದರಿಂದ ಮೊಟ್ಟೆ ತೇಲುತ್ತದೆ.)

ಈ ಸೋ ಎರಡು ವಾಕ್ಯಗಳ ನಡುವೆ ನಿಲ್ಲುತ್ತದೆ, ಗುಣವಾಚಕದ ಮುಂದೆ ಅಲ್ಲ. ಇದಕ್ಕೆ ದಟ್ ಬೇಕಿಲ್ಲ. ಸೋ ಎಲ್ಲಿ ನಿಂತಿದೆ ಎಂದು ನೋಡಿದರೆ ಯಾವ ಸೋ ಎಂದು ತಿಳಿಯುತ್ತದೆ.

ನಾಲ್ಕನೆಯ ಹಂತ: ಉಪ್ಪು ಕರಗದೆ ಉಳಿಯಿತು

ಬೇರೊಂದು ಚಿಕ್ಕ ಬಟ್ಟಲಲ್ಲಿ 50 ಮಿಲಿಲೀಟರ್ ನೀರು ತೆಗೆದುಕೊಳ್ಳಿ. ಅದಕ್ಕೆ 5 ಚಮಚ ಉಪ್ಪು ಹಾಕಿ ಚೆನ್ನಾಗಿ ಕಲಕಿ. ಎಷ್ಟು ಹೊತ್ತು ಕಲಕಿದರೂ ಒಂದಿಷ್ಟು ಉಪ್ಪು ತಳದಲ್ಲಿ ಉಳಿಯುತ್ತದೆ. ನಮ್ಮ ಕೋಣೆಯ ಬಿಸಿಯಲ್ಲಿ 100 ಮಿಲಿಲೀಟರ್ ನೀರು ಸುಮಾರು 36 ಗ್ರಾಂ ಉಪ್ಪನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. 50 ಮಿಲಿಲೀಟರ್ ನೀರಿಗೆ ಅದರ ಅರ್ಧ, ಸುಮಾರು 18 ಗ್ರಾಂ. ಒಂದು ಮಟ್ಟ ಚಹಾ ಚಮಚದಲ್ಲಿ ಸುಮಾರು 6 ಗ್ರಾಂ ಉಪ್ಪು ಹಿಡಿಯುತ್ತದೆ. 5 ಚಮಚವೆಂದರೆ 30 ಗ್ರಾಂ ಆಯಿತು. ಮಿಕ್ಕದ್ದು ಕರಗುವುದೆಲ್ಲಿಗೆ? ಬರೆಯೋಣ:

ದೇರ್ ಈಸ್ ಸೋ ಮಚ್ ಸಾಲ್ಟ್ ದಟ್ ಸಮ್ ಆಫ್ ಇಟ್ ಸ್ಟೇಸ್ ಅಟ್ ದಿ ಬಾಟಮ್.
(ಎಷ್ಟು ಉಪ್ಪಿದೆ ಎಂದರೆ ಅದರಲ್ಲಿ ಸ್ವಲ್ಪ ತಳದಲ್ಲೇ ಉಳಿಯುತ್ತದೆ.)

ಸೋ ಆದ ಮೇಲೆ ಗುಣವಾಚಕ ಬರಬೇಕು ಎಂದಿದ್ದೆವು. ಇಲ್ಲಿ ಸಾಲ್ಟ್ ಎಂಬ ನಾಮಪದ ಬಂದಿದೆ. ಆದರೆ ನೇರವಾಗಿ ಬಂದಿಲ್ಲ, ನಡುವೆ ಮಚ್ ಇದೆ. "ಸೋ ಸಾಲ್ಟ್" ಎನ್ನಲಾಗದು, "ಸೋ ಮಚ್ ಸಾಲ್ಟ್" ಎನ್ನಬೇಕು. ಅಳೆಯುವ ವಸ್ತುವಿಗೆ ಮಚ್, ಎಣಿಸುವ ವಸ್ತುವಿಗೆ ಮೆನಿ. ಉಪ್ಪನ್ನು ಅಳೆಯುತ್ತೇವೆ: ಸೋ ಮಚ್ ಸಾಲ್ಟ್. ಚಮಚಗಳನ್ನು ಎಣಿಸುತ್ತೇವೆ: ಸೋ ಮೆನಿ ಸ್ಪೂನ್ಸ್. ಟೂ ಪದಕ್ಕೂ ಇದೇ ನಿಯಮ: ಟೂ ಮಚ್ ಸಾಲ್ಟ್, ಟೂ ಮೆನಿ ಸ್ಪೂನ್ಸ್. ಇನಫ್ ಮಾತ್ರ ಎರಡಕ್ಕೂ ಹಾಗೆಯೇ ನಡೆಯುತ್ತದೆ: ಇನಫ್ ಸಾಲ್ಟ್, ಇನಫ್ ಸ್ಪೂನ್ಸ್.

ಸಚ್: ನಾಮಪದವನ್ನು ಬಿಟ್ಟಿರದ ಪದ

ಇನ್ನು ಉಳಿದದ್ದು ಸಚ್. ಇದಕ್ಕಾಗಿ ನಮ್ಮ ಲೋಟದಿಂದ ಒಂದು ದೊಡ್ಡ ಸರೋವರಕ್ಕೆ ಹೋಗೋಣ. ಇಸ್ರೇಲ್ ಮತ್ತು ಜೋರ್ಡಾನ್ ದೇಶಗಳ ನಡುವೆ ಮೃತ ಸಮುದ್ರ ಎಂಬುದಿದೆ. ಇಂಗ್ಲಿಷಿನಲ್ಲಿ ದಿ ಡೆಡ್ ಸೀ. ಹೆಸರು ಸಮುದ್ರವೆಂದಿದ್ದರೂ ಅದು ಸುತ್ತಲೂ ನೆಲವಿರುವ ಒಂದು ಸರೋವರ. ಅದರ ನೀರು ಸಾಮಾನ್ಯ ಸಮುದ್ರದ ನೀರಿಗಿಂತ ಸುಮಾರು ಹತ್ತು ಪಾಲು ಉಪ್ಪು. ಅದರಲ್ಲಿ ಈಜು ಬಾರದವರೂ ಬೆನ್ನ ಮೇಲೆ ಮಲಗಿ ತೇಲುತ್ತಾರೆ, ನಮ್ಮ ಲೋಟದ ಮೊಟ್ಟೆಯಂತೆ. ಆದರೆ ಮೀನುಗಳು ಅಲ್ಲಿ ಬದುಕಲಾರವು.

ದಿ ಡೆಡ್ ಸೀ ಈಸ್ ಸೋ ಸಾಲ್ಟಿ ದಟ್ ಫಿಶ್ ಕ್ಯಾನಾಟ್ ಲಿವ್ ಇನ್ ಇಟ್.
ದಿ ಡೆಡ್ ಸೀ ಈಸ್ ಸಚ್ ಎ ಸಾಲ್ಟಿ ಲೇಕ್ ದಟ್ ಫಿಶ್ ಕ್ಯಾನಾಟ್ ಲಿವ್ ಇನ್ ಇಟ್.

ಎರಡರ ಅರ್ಥವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಎಲ್ಲಿದೆ? ಮೊದಲನೆಯದರಲ್ಲಿ ಸೋ ಆದ ಮೇಲೆ ಸಾಲ್ಟಿ ಎಂಬ ಗುಣವಾಚಕ ಒಂಟಿಯಾಗಿದೆ. ಎರಡನೆಯದರಲ್ಲಿ ಸಾಲ್ಟಿ ತನ್ನ ಜೊತೆಗೆ ಲೇಕ್, ಅಂದರೆ ಸರೋವರ, ಎಂಬ ನಾಮಪದವನ್ನು ಕರೆತಂದಿದೆ. ಗುಣವಾಚಕ ಒಂಟಿಯಾದರೆ ಸೋ. ಗುಣವಾಚಕದ ಹಿಂದೆಯೇ ನಾಮಪದ ಬಂದರೆ ಸಚ್. ಕನ್ನಡದಲ್ಲಿ ಹೇಳುವುದಾದರೆ ಸೋ ಎಂದರೆ "ಅಷ್ಟು ಉಪ್ಪು", ಸಚ್ ಎಂದರೆ "ಅಂಥ ಉಪ್ಪು ಸರೋವರ".

ಸಚ್ + ಎ ಅಥವಾ ಆ್ಯನ್ + ಗುಣವಾಚಕ + ನಾಮಪದ + ದಟ್ + ಪೂರ್ಣ ವಾಕ್ಯ

ನಡುವಿನ ಎ ಎಂಬ ಒಂದಕ್ಷರದ ಪದವನ್ನು ಬಿಡಬೇಡಿ, ಅದರ ಜಾಗವನ್ನೂ ಬದಲಿಸಬೇಡಿ. "ಎ ಸಚ್ ಸಾಲ್ಟಿ ಲೇಕ್" ತಪ್ಪು, "ಸಚ್ ಎ ಸಾಲ್ಟಿ ಲೇಕ್" ಸರಿ. ಆದರೆ ಎ ಎಂದರೆ "ಒಂದು" ಎಂದಲ್ಲವೆ? ಒಂದು ಎಂದು ಎಣಿಸಲಾಗದ ವಸ್ತುವಿಗೂ, ಒಂದಕ್ಕಿಂತ ಹೆಚ್ಚಿರುವ ವಸ್ತುಗಳಿಗೂ ಎ ಬೇಡ:

ಸಚ್ ಎ ಹೆವಿ ಸ್ಟೋನ್ (ಅಂಥ ಭಾರದ ಒಂದು ಕಲ್ಲು: ಎ ಬೇಕು)
ಸಚ್ ಹೆವಿ ಸ್ಟೋನ್ಸ್ (ಅಂಥ ಭಾರದ ಕಲ್ಲುಗಳು: ಬಹುವಚನ, ಎ ಬೇಡ)
ಸಚ್ ಸಾಲ್ಟಿ ವಾಟರ್ (ಅಂಥ ಉಪ್ಪು ನೀರು: ಎಣಿಸಲಾಗದು, ಎ ಬೇಡ)

ಒಂದೇ ವಿಷಯ, ನಾಲ್ಕು ವಾಕ್ಯ

ಈಗ ನಾಲ್ಕೂ ಪದಗಳನ್ನು ಒಂದೇ ಕಡೆ ಕೂಡಿಸೋಣ. ಶಾಲೆಯಲ್ಲಿ ಬಿಸಿ ಹಾಲು ಕೊಟ್ಟಿದ್ದಾರೆ. ಹೊಗೆಯಾಡುತ್ತಿದೆ. ಬಾಯಿಗಿಟ್ಟರೆ ನಾಲಿಗೆ ಸುಡುತ್ತದೆ. ಇದನ್ನು ಹೇಗೆ ಹೇಳುವುದು?

1. ದಿ ಮಿಲ್ಕ್ ಈಸ್ ಟೂ ಹಾಟ್ ಟು ಡ್ರಿಂಕ್.
2. ದಿ ಮಿಲ್ಕ್ ಈಸ್ ನಾಟ್ ಕೂಲ್ ಇನಫ್ ಟು ಡ್ರಿಂಕ್.
3. ದಿ ಮಿಲ್ಕ್ ಈಸ್ ಸೋ ಹಾಟ್ ದಟ್ ವಿ ಕ್ಯಾನಾಟ್ ಡ್ರಿಂಕ್ ಇಟ್.
4. ಇಟ್ ಈಸ್ ಸಚ್ ಹಾಟ್ ಮಿಲ್ಕ್ ದಟ್ ವಿ ಕ್ಯಾನಾಟ್ ಡ್ರಿಂಕ್ ಇಟ್.

ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಎರಡು ಬದಲಾವಣೆ ಆದವು. ಹಾಟ್ ಹೋಗಿ ಅದರ ವಿರುದ್ಧ ಪದ ಕೂಲ್ ಬಂತು. ಟೂ ಹೋದದ್ದರಿಂದ ಅದರಲ್ಲಿ ಅಡಗಿದ್ದ ನಿಷೇಧವೂ ಹೋಯಿತು. ಅದನ್ನು ತುಂಬಲು ನಾಟ್ ಹೊರಗೆ ಬಂತು.

ಮೊದಲನೆಯದರಿಂದ ಮೂರನೆಯದಕ್ಕೆ ಹೋಗುವಾಗ ಐದು ಬದಲಾವಣೆ. ಟೂ ಜಾಗಕ್ಕೆ ಸೋ, ಟು ಜಾಗಕ್ಕೆ ದಟ್. ಅಡಗಿದ್ದ ನಿಷೇಧ ಕ್ಯಾನಾಟ್ ಆಗಿ ಕಾಣಿಸಿಕೊಂಡಿತು. ದಟ್ ಆದ ಮೇಲೆ ಪೂರ್ಣ ವಾಕ್ಯ ಬೇಕಾದ್ದರಿಂದ ವಿ ಎಂಬ ಕರ್ತೃಪದ ಬಂತು, ಕೊನೆಯಲ್ಲಿ ಇಟ್ ಕೂಡ ಮರಳಿ ಬಂತು. ಟೂ ವಾಕ್ಯದಲ್ಲಿ ಬರಬಾರದು ಎಂದ ಇಟ್ ಇದೇ. ಸೋ ವಾಕ್ಯದಲ್ಲಿ ಮತ್ತು ಸಚ್ ವಾಕ್ಯದಲ್ಲಿ ಅದನ್ನು ಬಿಡುವಂತಿಲ್ಲ. "ವಿ ಕ್ಯಾನಾಟ್ ಡ್ರಿಂಕ್" ಎಂದು ನಿಲ್ಲಿಸಿದರೆ "ಏನನ್ನು?" ಎಂಬ ಪ್ರಶ್ನೆ ಉಳಿಯುತ್ತದೆ.

ನಿನ್ನೆ ನಡೆದದ್ದನ್ನು ಹೇಳುವಾಗ ಈಸ್ ಹೋಗಿ ವಾಸ್ ಬರುತ್ತದೆ. ಆಗ ಕ್ಯಾನಾಟ್ ಕೂಡ ಕುಡ್ ನಾಟ್ ಆಗಬೇಕು:

ದಿ ಮಿಲ್ಕ್ ವಾಸ್ ಸೋ ಹಾಟ್ ದಟ್ ವಿ ಕುಡ್ ನಾಟ್ ಡ್ರಿಂಕ್ ಇಟ್.

ಪ್ರಯೋಗದ ವರದಿಯನ್ನು ಸಾಮಾನ್ಯವಾಗಿ ಪ್ರಯೋಗ ಮುಗಿದ ಮೇಲೆ ಬರೆಯುತ್ತೇವೆ. ಆದ್ದರಿಂದ ಈ ಭೂತಕಾಲದ ರೂಪ ನಿಮಗೆ ಹೆಚ್ಚು ಬೇಕಾಗುತ್ತದೆ. ಟೂ ವಾಕ್ಯದಲ್ಲಿ ಈ ತೊಂದರೆಯಿಲ್ಲ. "ದಿ ಮಿಲ್ಕ್ ವಾಸ್ ಟೂ ಹಾಟ್ ಟು ಡ್ರಿಂಕ್" ಎಂದು ಒಂದೇ ಕಡೆ ಬದಲಿಸಿದರೆ ಆಯಿತು. ಟು ಆದ ಮೇಲಿನ ಕ್ರಿಯಾಪದ ಯಾವ ಕಾಲದಲ್ಲೂ ಬದಲಾಗುವುದಿಲ್ಲ.

ಅಭ್ಯಾಸ

ಅ. ತಪ್ಪನ್ನು ಹುಡುಕಿ ಸರಿಪಡಿಸಿ. ಏಕೆ ತಪ್ಪು ಎಂದೂ ಹೇಳಿ.
1. ದಿ ವೈರ್ ಈಸ್ ನಾಟ್ ಇನಫ್ ಲಾಂಗ್ ಟು ರೀಚ್ ದಿ ಬಲ್ಬ್. (ತಂತಿ ಬಲ್ಬನ್ನು ಮುಟ್ಟುವಷ್ಟು ಉದ್ದವಿಲ್ಲ.)
2. ಬ್ಯಾಕ್ಟೀರಿಯಾ ಆರ್ ಟೂ ಸ್ಮಾಲ್ ಟು ಸೀ ದೆಮ್ ವಿತ್ ಅವರ್ ಐಸ್. (ಬ್ಯಾಕ್ಟೀರಿಯಾಗಳು ಬರಿಗಣ್ಣಿಗೆ ಕಾಣಲಾಗದಷ್ಟು ಚಿಕ್ಕವು.)
3. ಇಟ್ ವಾಸ್ ಸೋ ಹೆವಿ ಸ್ಟೋನ್ ದಟ್ ವಿ ಕುಡ್ ನಾಟ್ ಲಿಫ್ಟ್ ಇಟ್. (ಅದೆಂಥ ಭಾರದ ಕಲ್ಲೆಂದರೆ ನಮಗೆ ಎತ್ತಲಾಗಲಿಲ್ಲ.)

ಆ. ಟೂ ಬಿಟ್ಟು ಸೋ ಮತ್ತು ದಟ್ ಬಳಸಿ ಬರೆಯಿರಿ.
4. ದಿ ಬಾಕ್ಸ್ ವಾಸ್ ಟೂ ಹೆವಿ ಫಾರ್ ರವಿ ಟು ಲಿಫ್ಟ್. (ಪೆಟ್ಟಿಗೆ ರವಿಗೆ ಎತ್ತಲಾಗದಷ್ಟು ಭಾರವಿತ್ತು.)

ಇ. ಟೂ ಅಥವಾ ವೆರಿ, ಯಾವುದು ಸರಿ?
5. ದಿಸ್ ಮ್ಯಾಗ್ನೆಟ್ ಈಸ್ ____ ಸ್ಟ್ರಾಂಗ್. ಇಟ್ ಕ್ಯಾನ್ ಲಿಫ್ಟ್ ಟ್ವೆಂಟಿ ಪಿನ್ಸ್. (ಈ ಅಯಸ್ಕಾಂತ ತುಂಬಾ ಬಲವಾಗಿದೆ. ಇಪ್ಪತ್ತು ಗುಂಡುಸೂಜಿಗಳನ್ನು ಎತ್ತಬಲ್ಲದು.)

ಉತ್ತರಗಳು

1. ಲಾಂಗ್ ಇನಫ್ ಎಂದಾಗಬೇಕು. ಲಾಂಗ್ ಗುಣವಾಚಕ, ಇನಫ್ ಅದರ ಹಿಂದೆ ಬರುತ್ತದೆ.
2. ದೆಮ್ ತೆಗೆಯಬೇಕು. ಯಾವುದನ್ನು ಕಾಣಲಾಗದು ಎಂಬುದು ವಾಕ್ಯದ ಮೊದಲಲ್ಲೇ ಇದೆ.
3. ಸಚ್ ಎ ಹೆವಿ ಸ್ಟೋನ್ ಎಂದಾಗಬೇಕು. ಗುಣವಾಚಕದ ಹಿಂದೆಯೇ ಸ್ಟೋನ್ ಎಂಬ ನಾಮಪದವಿದೆ.
4. ದಿ ಬಾಕ್ಸ್ ವಾಸ್ ಸೋ ಹೆವಿ ದಟ್ ರವಿ ಕುಡ್ ನಾಟ್ ಲಿಫ್ಟ್ ಇಟ್. ವಾಸ್ ಇರುವುದರಿಂದ ಕುಡ್ ನಾಟ್. ಕೊನೆಯಲ್ಲಿ ಇಟ್ ಮರೆಯಬಾರದು.
5. ವೆರಿ. ಅಯಸ್ಕಾಂತದ ಬಲದಿಂದ ಇಲ್ಲಿ ಯಾವ ಕೆಲಸವೂ ಕೆಡಲಿಲ್ಲ.

ನೀವೇ ಮಾಡಿ ನೋಡಿ: ಮೊಟ್ಟೆ ತೇಲುತ್ತಿರುವ ಲೋಟಕ್ಕೆ ಈಗ ಸ್ವಲ್ಪ ಸ್ವಲ್ಪವೇ ಬರೀ ನೀರನ್ನು ಬೆರೆಸಿ ಮೆಲ್ಲಗೆ ಕಲಕುತ್ತಾ ಹೋಗಿ. ಮೊಟ್ಟೆಗೆ ಏನಾಯಿತು? ಎಷ್ಟು ನೀರು ಬೆರೆಸಿದಾಗ ಆಯಿತು? ಕಂಡದ್ದನ್ನು ನಾಲ್ಕು ಪದಗಳಲ್ಲಿ ಒಂದೊಂದನ್ನೂ ಬಳಸಿ ನಾಲ್ಕು ವಾಕ್ಯಗಳಲ್ಲಿ ಬರೆದು ನಿಮ್ಮ ಗುರುಗಳಿಗೆ ತೋರಿಸಿ.